ಅಮೆರಿಕಾದ ಕುಕ್ಕರ್ ಬಾಗಲಕೋಟೆಯಲ್ಲಿ ಯಾಕೆ ‘ಟಪ್’ ಅಂತು?

ಪ್ರಶ್ನೆ: ಮಗ ಅಮೆರಿಕಾದಿಂದ ಬರುವಾಗ ಒಂದು ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್, ಹಿಟ್ಟು ನಾದುವ ಒಂದು ಸ್ಟ್ಯಾಂಡ್ ಮಿಕ್ಸರ್ ತಂದಿದ್ದಾನೆ. ಎರಡರ ಮೇಲೂ 120 ವೋಲ್ಟ್, 60 ಹರ್ಟ್ಜ್ ಅಂತ ಇದೆ. ‘220ರಿಂದ 110, 1600 ವ್ಯಾಟ್, ಎಲ್ಲ ಉಪಕರಣಗಳಿಗೂ’ ಅಂತ ಬರೆದಿದ್ದ ಅಂಗೈಯಷ್ಟು ಕನ್ವರ್ಟರನ್ನು ಆನ್‌ಲೈನ್‌ನಲ್ಲಿ ತರಿಸಿ ಕುಕ್ಕರ್ ಹಚ್ಚಿದೆವು. ಟಪ್ ಅಂತ ಸದ್ದಾಯಿತು, ಸುಟ್ಟ ವಾಸನೆ ಬಂತು. ಆಮೇಲೆ ಡಿಸ್‌ಪ್ಲೇ ಹತ್ತಲೇ ಇಲ್ಲ. ಕಂಪನಿಯ ಇಂಡಿಯಾ ಸರ್ವಿಸ್‌ನವರು ನಾವು ಮುಟ್ಟೋದಿಲ್ಲ ಅಂದರು. ಕುಕ್ಕರ್ ರಿಪೇರಿ ಆಗುತ್ತಾ? ಮಿಕ್ಸರ್‌ಗೆ ಪ್ಲಗ್ ಬದಲಿಸಿದರೆ ಸಾಕಾ? ವಾರಂಟಿಗೆ ಏನಾದರೂ ದಾರಿ ಇದೆಯಾ?
— ನಿವೃತ್ತ ಶಿಕ್ಷಕಿ, ನವನಗರ, ಬಾಗಲಕೋಟೆ

ಅಕ್ಕಾರೇ, ಮೊದಲು ಎರಡು ಮಾತು. ಮಿಕ್ಸರ್‌ನ ಪ್ಲಗ್ಗಿಗೆ ಕತ್ತರಿ ಹಾಕಬೇಡಿ. ಆ ಕನ್ವರ್ಟರನ್ನು ಸಿಟ್ಟಿನಲ್ಲಿ ಎಸೆಯಲೂ ಬೇಡಿ, ಅದರ ಡಬ್ಬಿ ಮತ್ತು ಬಿಲ್ಲಿನ ಜೊತೆ ಎತ್ತಿಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಕುಕ್ಕರ್ ಬಹುಶಃ ಬದುಕುತ್ತೆ. ಮಿಕ್ಸರ್ ಇನ್ನೂ ಹಚ್ಚಿಲ್ಲ ಅಂದರೆ ಅದಕ್ಕೆ ಏನೂ ಆಗಿಲ್ಲ, ಸರಿಯಾದ ಟ್ರಾನ್ಸ್‌ಫಾರ್ಮರ್ ಸಿಕ್ಕರೆ ವರ್ಷಗಟ್ಟಲೆ ನಡೆಯುತ್ತೆ.

ವಿಜಯಪುರದ ನಮ್ಮ ವೈಂಡಿಂಗ್ ಅಂಗಡಿಗೆ ಹೀಗೆ ಸೂಟ್‌ಕೇಸಿನಲ್ಲಿ ಬಂದ ಸಾಮಾನು ವರ್ಷಕ್ಕೆ ನಾಲ್ಕಾರು ಬರುತ್ತವೆ. ಬಂದವರು ಹೇಳುವ ಮಾತು ಒಂದೇ. ‘ಕನ್ವರ್ಟರ್ ಹಾಕೇ ಹಚ್ಚೀವ್ರೀ, ಆದ್ರೂ ಹೋತು.’ ಅವರು ಸುಳ್ಳು ಹೇಳುತ್ತಿಲ್ಲ. ಸುಳ್ಳು ಇರೋದು ಆ ಡಬ್ಬಿಯ ಮೇಲೆ.

ನಮ್ಮ ಮನೆಯ ಕರೆಂಟು 230 ವೋಲ್ಟ್ ಅಂತೀವಲ್ವಾ, ಅದು ಯಾವಾಗಲೂ 230ರಲ್ಲೇ ನಿಂತಿರೋದಿಲ್ಲ. ಅಲೆಯ ಹಾಗೆ ಸೊನ್ನೆಯಿಂದ ಏರಿ ಇಳಿಯುತ್ತೆ, ಸೆಕೆಂಡಿಗೆ 50 ಸಲ; ಅದಕ್ಕೇ 50 ಹರ್ಟ್ಜ್ ಅನ್ನೋದು. ಆ ಅಲೆಯ ನೆತ್ತಿ 325 ವೋಲ್ಟಿಗೆ ಹೋಗುತ್ತೆ. 230 ಅನ್ನೋದು ಅದರ ಒಟ್ಟು ಕಾಯಿಸುವ ಶಕ್ತಿಯ ಲೆಕ್ಕ. ಅಮೆರಿಕಾದ 120 ವೋಲ್ಟಿನ ಅಲೆಯ ನೆತ್ತಿ 170. ನಿಮ್ಮ ಕುಕ್ಕರಿನ ಒಳಗಿನ ಬೋರ್ಡನ್ನು ಈ 170 ನೋಡಿಕೊಂಡೇ ಮಾಡಿರುತ್ತಾರೆ.

ನಿಜವಾದ ಟ್ರಾನ್ಸ್‌ಫಾರ್ಮರ್ ಇಡೀ ಅಲೆಯನ್ನೇ ಅರ್ಧಕ್ಕೆ ಕುಗ್ಗಿಸುತ್ತೆ. 230 ಹೋದರೆ 115 ಬರುತ್ತೆ, ನೆತ್ತಿಯೂ 325ರಿಂದ 163ಕ್ಕೆ ಇಳಿಯುತ್ತೆ. ಅಂಗೈಯಗಲದ ಕನ್ವರ್ಟರ್ ಹಾಗೆ ಮಾಡೋದಿಲ್ಲ. ಅದರಲ್ಲಿ ತಾಮ್ರದ ಸುರುಳಿಯೂ ಇಲ್ಲ, ಕಬ್ಬಿಣದ ಪಟ್ಟಿಯೂ ಇಲ್ಲ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಇರುವಂಥ ಒಂದು ಸ್ವಿಚ್ ಇರುತ್ತೆ, ಅಷ್ಟೇ. ಪ್ರತಿ ಅಲೆಯ ಬಹುಪಾಲು ಹೊತ್ತು ಬಾಗಿಲು ಮುಚ್ಚಿ, ಕೊನೆಯ ಸ್ವಲ್ಪ ಹೊತ್ತು ತೆರೆಯುತ್ತೆ. ನಲ್ಲಿಯನ್ನು ಆಗಾಗ ತೆರೆದು ಮುಚ್ಚಿದ ಹಾಗೆ. ಬಕೆಟ್ಟಿಗೆ ಬೀಳುವ ನೀರು ಕಡಿಮೆಯಾಯಿತು, ನಿಜ. ಆದರೆ ತೆರೆದ ಆ ಕ್ಷಣದಲ್ಲಿ ನೀರಿನ ಜೋರು ಮೊದಲಿನಷ್ಟೇ. ಇಲ್ಲೂ ಲೆಕ್ಕಕ್ಕೆ 115 ಆದರೂ ಹೊರಗೆ ಬರುವ ನೆತ್ತಿ ಹತ್ತಿರ ಹತ್ತಿರ 300 ವೋಲ್ಟ್ ಇರುತ್ತೆ. 170 ತಡೆಯುವ ಬೋರ್ಡಿಗೆ 300 ಬಡಿದರೆ ಟಪ್ ಅನ್ನದೆ ಇನ್ನೇನು ಮಾಡೀತು?

ಇಂಥ ಕನ್ವರ್ಟರ್ ಮಾಡೋದು ಪ್ರವಾಸದಲ್ಲಿ ಕೂದಲು ಒಣಗಿಸುವ ಡ್ರೈಯರ್, ಇಸ್ತ್ರಿ ಪೆಟ್ಟಿಗೆಯಂಥ ಬರೀ ಕಾಯಿಲ್ ಇರುವ ಸಾಮಾನನ್ನು ಹತ್ತು ನಿಮಿಷ ನಡೆಸಲು. ಕಾಯಿಲ್‌ಗೆ ನೆತ್ತಿಯ ಗೊಡವೆ ಇಲ್ಲ, ಒಟ್ಟು ಕಾವು ಸರಿಯಿದ್ದರೆ ಆಯಿತು. ಇನ್ನೂ ಅಗ್ಗದ ಜಾತಿ ಒಂದಿದೆ. ಅದರಲ್ಲಿ ಒಂದೇ ಒಂದು ಡಯೋಡ್ ಇರುತ್ತೆ, ಅಲೆಯ ಒಂದು ಪಕ್ಕವನ್ನು ಪೂರ್ತಿ ಕತ್ತರಿಸುತ್ತೆ. ಅರ್ಧ ಕತ್ತರಿಸಿದರೆ ಅರ್ಧ ವೋಲ್ಟ್ ಅನ್ನೋದು ಅವರ ಲೆಕ್ಕ. ನಿಜದಲ್ಲಿ ಅದು 163 ವೋಲ್ಟಿನ ಕಾವು ಕೊಡುತ್ತೆ. 1000 ವ್ಯಾಟಿನ ಅಮೆರಿಕಾದ ಕಾಯಿಲ್ ಅದರಲ್ಲಿ 1800 ವ್ಯಾಟ್ ದಾಟಿ ಉರಿಯುತ್ತೆ.

ಗುರುತಿಸೋದು ಹೇಗೆ? ಕೈಯಲ್ಲಿ ಎತ್ತಿ ನೋಡಿ. 1600 ವ್ಯಾಟ್ ಅಂತ ಬರೆದಿದ್ದು ಮೊಬೈಲ್‌ನಷ್ಟೇ ಹಗುರ ಇದ್ದರೆ ಅದು ಟ್ರಾನ್ಸ್‌ಫಾರ್ಮರ್ ಅಲ್ಲ. ಅಷ್ಟು ಶಕ್ತಿಯ ನಿಜವಾದ ಟ್ರಾನ್ಸ್‌ಫಾರ್ಮರನ್ನು ಒಂದು ಕೈಯಲ್ಲಿ ಎತ್ತಿದರೆ ಭುಜ ಹಿಡಿದುಕೊಳ್ಳುತ್ತೆ. ಮೀಟರ್ ಹಿಡಿದು ಪರೀಕ್ಷೆ ಮಾಡ್ತೀನಿ ಅಂತ ಹೋದರೆ ಸಾದಾ ಮಲ್ಟಿಮೀಟರ್ ಈ ಕತ್ತರಿಸಿದ ಅಲೆಯನ್ನು ಸರಿಯಾಗಿ ಓದೋದಿಲ್ಲ. ಅದು ತೋರಿಸುವ ಅಂಕಿ ನಂಬಿ ಮೋಸ ಹೋದವರಿದ್ದಾರೆ.

ಈಗ ಕುಕ್ಕರಿನ ಒಳಗೆ ಏನಾಯಿತು ನೋಡೋಣ. ಇಂಥ ಕುಕ್ಕರಿನಲ್ಲಿ ತಳದಲ್ಲಿ ಒಂದು ಹೀಟರ್ ತಟ್ಟೆ, ಪಕ್ಕದಲ್ಲಿ ಅದನ್ನು ಆಡಿಸುವ ಬೋರ್ಡು ಇರುತ್ತವೆ. ಕರೆಂಟು ಮೊದಲು ಬೋರ್ಡಿಗೆ ಬರುತ್ತೆ. ಬಾಗಿಲಲ್ಲೇ ಇಬ್ಬರು ಕಾವಲುಗಾರರು: ಒಂದು ಫ್ಯೂಸು, ಇನ್ನೊಂದು ನೀಲಿ ಅಥವಾ ಹಳದಿ ಬಣ್ಣದ, ನಾಲ್ಕಾಣೆ ಗಾತ್ರದ ಬಿಲ್ಲೆ. ಅದಕ್ಕೆ ವೆರಿಸ್ಟರ್ ಅಂತ ಹೆಸರು. ವೋಲ್ಟ್ ಮಿತಿ ದಾಟಿದ ಕೂಡಲೇ ವೆರಿಸ್ಟರ್ ತಾನೇ ಶಾರ್ಟ್ ಆಗಿ ಫ್ಯೂಸನ್ನು ಹಾರಿಸುತ್ತೆ, ಹಿಂದಿನವರನ್ನು ಉಳಿಸುತ್ತೆ. ಅಮೆರಿಕಾದ ಸಾಮಾನಿನಲ್ಲಿ ಅದರ ಮೇಲೆ 241 ಎಂಬ ಅಂಕಿ ಇರೋದು ಸಾಮಾನ್ಯ. ಅಂದರೆ 240 ವೋಲ್ಟ್ ಆಸುಪಾಸು ಅದು ಬಾಯಿ ತೆರೆಯುತ್ತೆ. ನಮ್ಮ 230ಕ್ಕೆ ಮಾಡಿದ್ದರಲ್ಲಿ 471 ಅಂತ ಇರುತ್ತೆ. ನೀವು ಕೇಳಿದ ಟಪ್ ಸದ್ದು, ಆ ವಾಸನೆ ಹೆಚ್ಚಾಗಿ ಈ ಬಿಲ್ಲೆಯದು.

ಹಾಗಾಗಿ ಮತ್ತೆ ಮತ್ತೆ ಹಚ್ಚಿ ನೋಡಬೇಡಿ. ಒಬ್ಬ ಟಿವಿ ಮೆಕ್ಯಾನಿಕ್ ಕೈಗೆ ಕೊಡಿ. ಕುಕ್ಕರ್ ಮೆಕ್ಯಾನಿಕ್ ಬೇಡ, ಬೋರ್ಡು ಓದಬಲ್ಲವರು ಬೇಕು. ಅವರು ತಳದ ಸ್ಕ್ರೂ ಬಿಚ್ಚಿ ಮೂರು ಕಡೆ ನೋಡಬೇಕು. ವೆರಿಸ್ಟರ್ ಒಡೆದಿದೆಯಾ, ಫ್ಯೂಸು ಹೋಗಿದೆಯಾ ಅನ್ನೋದು ಮೊದಲು. ಅದರ ಹಿಂದೆ ಉರುಟಾಗಿ ನಿಂತ ಕೆಪಾಸಿಟರಿನ ನೆತ್ತಿ ಉಬ್ಬಿದೆಯಾ ಅನ್ನೋದು ಎರಡನೆಯದು. ಅಲ್ಲಿ 200 ವೋಲ್ಟಿನದು ಇದ್ದರೆ 300ರ ಹೊಡೆತಕ್ಕೆ ಅದೂ ಉಬ್ಬಿರಬಹುದು. ಪಕ್ಕದ ಸಣ್ಣ ಐಸಿ ಕಪ್ಪಾಗಿ ಸೀಳಿದೆಯಾ ಅನ್ನೋದು ಮೂರನೆಯದು. ಬರೀ ಮೊದಲಿನದಾದರೆ ಎರಡು ಬಿಡಿಭಾಗಕ್ಕೆ ನೂರು ರೂಪಾಯಿಯೂ ಆಗೋದಿಲ್ಲ, ಕೆಲಸಕ್ಕೆ ಕೂಲಿ ಅಷ್ಟೇ. ಕೆಪಾಸಿಟರೂ ಸೇರಿದರೆ ಸ್ವಲ್ಪ ಜಾಸ್ತಿ. ಐಸಿ ಸೀಳಿದ್ದರೆ ಮಾತ್ರ ಅಲ್ಲಿಗೆ ಬಿಟ್ಟುಬಿಡಿ. ಆ ಮಾದರಿಯ ಇಡೀ ಬೋರ್ಡು ನಮ್ಮ ಕಡೆ ಸಿಗೋದು ಕಷ್ಟ.

ಇಲ್ಲಿ ಒಂದು ಬುದ್ಧಿವಂತಿಕೆ ನಡೆಯುತ್ತೆ, ಅದನ್ನು ಮಾಡಿಸಬೇಡಿ. ‘241 ಬದಲು 471 ಹಾಕಿಬಿಡ್ತೀನಿ, ಸೀದಾ 230ಕ್ಕೆ ಹಚ್ಚಬಹುದು’ ಅನ್ನುವವರು ಸಿಗುತ್ತಾರೆ. ಕಾವಲುಗಾರನನ್ನು ಬದಲಿಸಿದರೆ ಹೀಟರ್ ಬದಲಾಗುತ್ತಾ? 1000 ವ್ಯಾಟಿನ 120 ವೋಲ್ಟ್ ಹೀಟರಿನ ರೆಸಿಸ್ಟೆನ್ಸ್ 14.4 ಓಮ್. ಅದಕ್ಕೆ 230 ಕೊಟ್ಟರೆ 16 ಆಂಪಿಯರ್ ಎಳೆದು 3670 ವ್ಯಾಟ್ ಉರಿಯುತ್ತೆ. ಅಡುಗೆಮನೆಯ ಸಾದಾ 6 ಆಂಪಿಯರ್ ಪಾಯಿಂಟಿಗೆ ಹಚ್ಚಿದ್ದರೆ ಸ್ವಿಚ್ಚೂ ಕರಗುತ್ತೆ. ವೋಲ್ಟ್ ಎರಡು ಪಟ್ಟಿನ ಹತ್ತಿರ ಹೋದರೆ ಕಾವು ಎರಡು ಪಟ್ಟಲ್ಲ, ನಾಲ್ಕು ಪಟ್ಟಿನ ಹತ್ತಿರ ಹೋಗುತ್ತೆ.

ರಿಪೇರಿ ಆದ ಮೇಲೆ ಮೊದಲ ಸಲ ಹಚ್ಚುವಾಗ ಸೀರೀಸ್ ಬಲ್ಬ್ ಇಟ್ಟು ನೋಡಲು ಹೇಳಿ. ನಮ್ಮ ಎಲ್ಲ ರಿಪೇರಿ ಅಂಗಡಿಯಲ್ಲೂ ಅದಕ್ಕೆ ಒಂದು ಬೋರ್ಡು ಇರುತ್ತೆ. ಟ್ರಾನ್ಸ್‌ಫಾರ್ಮರಿನ 115 ವೋಲ್ಟ್ ಕಡೆಯಿಂದ, 100 ವ್ಯಾಟಿನ ಹಳೇ ಕಾಲದ ಬಲ್ಬಿನ ಮೂಲಕ ಕುಕ್ಕರಿಗೆ ಕರೆಂಟು ಕೊಡಬೇಕು. ಅಡುಗೆ ಶುರು ಮಾಡದೆ ಸುಮ್ನೆ ಹಚ್ಚಿಟ್ಟಾಗ ಬಲ್ಬ್ ಹತ್ತಬಾರದು, ಡಿಸ್‌ಪ್ಲೇ ಹತ್ತಬೇಕು. ಬಲ್ಬ್ ಮಂಕಾಗಿ ಹತ್ತಿಯೇ ನಿಂತರೂ ಒಳಗೆ ಇನ್ನೂ ಶಾರ್ಟ್ ಇದೆ ಅಂತ ಅರ್ಥ. ಹೀಟರನ್ನೂ ಅಳೆಯಬೇಕು, ಆದರೆ ಪ್ಲಗ್ಗಿನ ಪಿನ್ನಿನಲ್ಲಿ ಅಳೆದರೆ ಏನೂ ತೋರಿಸೋದಿಲ್ಲ. ನಡುವೆ ಬೋರ್ಡು ಆಡಿಸುವ ಸ್ವಿಚ್, ಅಂದರೆ ರಿಲೇ ಇರುತ್ತೆ. ಹೀಟರಿನ ಎರಡು ಕಡ್ಡಿಗಳ ಮೇಲೇ ಮೀಟರ್ ಇಡಬೇಕು.

ಇನ್ನು ಟ್ರಾನ್ಸ್‌ಫಾರ್ಮರ್. ಅಂಗಡಿಯಲ್ಲಿ ‘ಸ್ಟೆಪ್‌ಡೌನ್’ ಅಂತ ಕೇಳಿ. ಎಷ್ಟು ದೊಡ್ಡದು ಬೇಕು ಅನ್ನೋದಕ್ಕೆ ನಾನು ಹೀಗೆ ಲೆಕ್ಕ ಹಾಕುತ್ತೇನೆ. ಕಾಯಿಸುವ ಸಾಮಾನಾದರೆ ಬರೆದ ವ್ಯಾಟಿನ ಒಂದೂವರೆ ಪಟ್ಟು, ಮೋಟರ್ ಇದ್ದರೆ ಎರಡು ಪಟ್ಟು. ನಿಮ್ಮ ಕುಕ್ಕರ್ 1000 ವ್ಯಾಟ್ ಇದ್ದರೆ 1500 ವಿಎ ಬೇಕು, ಟ್ರಾನ್ಸ್‌ಫಾರ್ಮರಿನ ಶಕ್ತಿಯನ್ನು ವ್ಯಾಟಿನ ಬದಲು ವಿಎ ಅಂತ ಬರೆಯುತ್ತಾರೆ. ಮಿಕ್ಸರ್ ಎಷ್ಟು ಅಂತ ನೀವು ಬರೆದಿಲ್ಲ. ಮನೆಯ ಸ್ಟ್ಯಾಂಡ್ ಮಿಕ್ಸರ್‌ಗಳಲ್ಲಿ 300–350 ವ್ಯಾಟ್ ಸಾಮಾನ್ಯ, ಅದಕ್ಕೆ 750 ವಿಎ ಸಾಕು. ಮೋಟರಿಗೆ ಎರಡು ಪಟ್ಟು ಯಾಕೆ ಅಂದರೆ ಗಟ್ಟಿ ಹಿಟ್ಟಿನಲ್ಲಿ ಕೊಕ್ಕೆ ಸಿಕ್ಕಿಕೊಂಡಾಗ ಅದು ಒಂದೇ ಏಟಿಗೆ ಜಾಸ್ತಿ ಎಳೆಯುತ್ತೆ.

ಅಂಗಡಿಯವರು ‘ಆಟೋ’ ಬೇಕಾ, ‘ಐಸೊಲೇಶನ್’ ಬೇಕಾ ಅಂತ ಕೇಳಿದರೆ ಐಸೊಲೇಶನ್ ಅನ್ನಿ. ಆಟೋ ಟ್ರಾನ್ಸ್‌ಫಾರ್ಮರಿನಲ್ಲಿ ಒಂದೇ ಸುರುಳಿ, ಅದರ ನಡುವಿನಿಂದ ಒಂದು ತಂತಿ ಎಳೆದಿರುತ್ತಾರೆ. ಕಬ್ಬಿಣ ಅರ್ಧ ಸಾಕಾಗುತ್ತೆ, ಅದಕ್ಕೇ ಹಗುರ, ಅಗ್ಗ. ಆದರೆ ಆ ಸುರುಳಿಯ ಕೆಳಗಿನ ಅರ್ಧ ಎಲ್ಲಾದರೂ ಕಡಿದರೆ ಹೊರಗಿನ ಸಾಕೆಟ್ಟಿಗೆ ಪೂರಾ 230 ಬಂದುಬಿಡುತ್ತೆ. ಐಸೊಲೇಶನ್‌ನಲ್ಲಿ ಎರಡು ಬೇರೆ ಬೇರೆ ಸುರುಳಿ. ಒಂದು ಕಡಿದರೆ ಸಾಮಾನು ನಿಲ್ಲುತ್ತೆ, ಅಷ್ಟೇ. ನಾನು ಮಾರುವವನು ಅಂತ ಹೇಳುತ್ತಿಲ್ಲ, ಎರಡನ್ನೂ ಸುತ್ತಿದ ಕೈಯಿಂದ ಹೇಳುತ್ತಿದ್ದೇನೆ.

ಕೊಳ್ಳುವಾಗ ಅಲ್ಲೇ ಪರೀಕ್ಷೆ ಮಾಡಿಸಿ. ಏನೂ ಹಚ್ಚದೆ ಹೊರಗಿನ ವೋಲ್ಟ್ ನೋಡಿ, ಆಮೇಲೆ ಬರೆದಷ್ಟು ಲೋಡ್ ಕೊಟ್ಟು ನೋಡಿ. 118 ಇದ್ದದ್ದು 112ಕ್ಕೆ ಇಳಿದರೆ ಒಳ್ಳೆಯ ಮಾಲು. 100ಕ್ಕೆ ಕುಸಿದರೆ 750 ಅಂತ ಬರೆದು 400ರದ್ದು ಕೊಡುತ್ತಿದ್ದಾರೆ ಅಂತ ಅರ್ಥ. ಅರ್ಧ ಗಂಟೆ ಲೋಡ್ ಮೇಲೆ ಬಿಟ್ಟರೆ ಬಿಸಿಯಾಗಬಹುದು, ವಾರ್ನಿಶ್ ವಾಸನೆ ಬರಬಾರದು. ಹೊರಗಿನ ಅಮೆರಿಕಾ ಸಾಕೆಟ್ಟಿನ ಉರುಟು ತೂತು ನಮ್ಮ ಪ್ಲಗ್ಗಿನ ದೊಡ್ಡ ಅರ್ಥ್ ಪಿನ್ನಿಗೆ ಜೋಡಿಸಿದೆಯಾ ಅಂತಲೂ ಮೀಟರ್ ಹಿಡಿದು ನೋಡಿಸಿ. ಎಷ್ಟೋ ಡಬ್ಬಿಗಳಲ್ಲಿ ಆ ತೂತು ಬರೀ ಅಲಂಕಾರಕ್ಕೆ ಇರುತ್ತೆ. ಕುಕ್ಕರಿನ ಮೈ ಸ್ಟೀಲಿನದು, ಕೈ ಒದ್ದೆ ಇರುತ್ತೆ, ಅರ್ಥ್ ಇಲ್ಲದೆ ಅದನ್ನು ನಡೆಸಬಾರದು.

ಇನ್ನೊಂದು ವಿಷಯ ನಮ್ಮ ಕಡೆಯವರಿಗೇ ಹೇಳಬೇಕಾದ್ದು. ಟ್ರಾನ್ಸ್‌ಫಾರ್ಮರ್ ಸ್ಟೆಬಿಲೈಸರ್ ಅಲ್ಲ. ಒಳಗೆ ಬಂದದ್ದನ್ನು ಅರ್ಧ ಮಾಡೋದಷ್ಟೇ ಅದಕ್ಕೆ ಗೊತ್ತು. ಬೇಸಿಗೆಯಲ್ಲಿ ಸುತ್ತ ಪಂಪ್‌ಸೆಟ್ಟುಗಳು ಓಡುವಾಗ ಮನೆಯಲ್ಲಿ 190 ಇದ್ದರೆ ಹೊರಗೆ 95 ಬರುತ್ತೆ. ಆಗ ನಿಮ್ಮ 1000 ವ್ಯಾಟಿನ ಕುಕ್ಕರ್ 630 ವ್ಯಾಟಿನದಾಗುತ್ತೆ. ಪ್ರೆಶರ್ ಏರಲು ಹೊತ್ತು ಹಿಡಿಯುತ್ತೆ, ಕೆಲವು ಮಾದರಿಗಳು ಎರರ್ ತೋರಿಸಿ ನಿಂತುಬಿಡುತ್ತವೆ. ಕುಕ್ಕರ್ ಕೆಟ್ಟಿತು ಅಂದುಕೊಳ್ಳಬೇಡಿ, ಮೊದಲು ವೋಲ್ಟ್ ನೋಡಿ. ಕೆಲಸ ಮುಗಿದ ಮೇಲೆ ಟ್ರಾನ್ಸ್‌ಫಾರ್ಮರಿನ ಸ್ವಿಚ್ ಗೋಡೆಯಲ್ಲೇ ಆರಿಸಿ. ಏನೂ ಹಚ್ಚದಿದ್ದರೂ ಅದು ತಾನೇ ಕರೆಂಟು ತಿನ್ನುತ್ತೆ. 20 ವ್ಯಾಟ್ ಅಂತ ಹಿಡಿದರೂ ತಿಂಗಳಿಗೆ 14 ಯುನಿಟ್ ಸುಮ್ನೆ ಹೋಗುತ್ತೆ.

ಮಿಕ್ಸರ್‌ಗೆ ಬರೋಣ. ವೋಲ್ಟನ್ನು ಟ್ರಾನ್ಸ್‌ಫಾರ್ಮರ್ ಸರಿ ಮಾಡುತ್ತೆ, 60 ಹರ್ಟ್ಜನ್ನು ಸರಿ ಮಾಡೋದಿಲ್ಲ. ನಮ್ಮಲ್ಲಿ 50 ಇದ್ದದ್ದು ಹೊರಗೂ 50 ಆಗಿಯೇ ಬರುತ್ತೆ. ಇದರಿಂದ ತೊಂದರೆಯಾ ಅನ್ನೋದು ಮೋಟರ್ ಯಾವ ಜಾತಿ ಅನ್ನೋದರ ಮೇಲಿದೆ. ಮಿಕ್ಸರಿನ ತಲೆಯ ಎರಡೂ ಪಕ್ಕ ನೋಡಿ, ಸ್ಕ್ರೂಡ್ರೈವರ್ ಗೀರು ಇರುವ ಉರುಟಾದ ಎರಡು ಕಪ್ಪು ಮುಚ್ಚಳ ಇದ್ದರೆ ಅವುಗಳ ಹಿಂದೆ ಕಾರ್ಬನ್ ಬ್ರಶ್ ಇವೆ. ಅಂದರೆ ನಮ್ಮ ಮಸಾಲೆ ಅರೆಯುವ ಮಿಕ್ಸಿಯ ಜಾತಿಯದೇ ಮೋಟರ್. ಅದಕ್ಕೆ 50 ಆದರೇನು, 60 ಆದರೇನು. ನಿರಾತಂಕವಾಗಿ ನಡೆಸಿ. ಮುಚ್ಚಳ ಕಾಣದಿದ್ದರೆ, ಓಡುವಾಗ ಗಾಳಿಯ ಕಿಂಡಿಯಲ್ಲಿ ಸಣ್ಣ ನೀಲಿ ಕಿಡಿ ಕಾಣುತ್ತಾ ನೋಡಿ. ಕಂಡರೂ ಅದೇ ಜಾತಿ.

ಬ್ರಶ್ ಇಲ್ಲದೆ ನೇರವಾಗಿ ಕರೆಂಟಿನ ಅಲೆಯ ಲಯಕ್ಕೇ ತಿರುಗುವ ಮೋಟರ್ ಆದರೆ ಮಾತು ಬೇರೆ. ಟೇಬಲ್ ಫ್ಯಾನ್, ಹಳೇ ಮಾದರಿಯ ಫ್ರಿಜ್ ಇವುಗಳಲ್ಲಿ ಅಂಥದೇ ಇರುತ್ತೆ. 60ರದ್ದನ್ನು 50ಕ್ಕೆ ಹಚ್ಚಿದರೆ ಆರರಲ್ಲಿ ಒಂದು ಪಾಲು ವೇಗ ಕಡಿಮೆ. ಅದಕ್ಕಿಂತ ಕೆಟ್ಟದ್ದು, ಅಲೆ ನಿಧಾನವಾದಾಗ ಕಬ್ಬಿಣಕ್ಕೆ ಕಾಂತ ಜಾಸ್ತಿ ತುಂಬಿ ಗುಂಯ್ ಅನ್ನುತ್ತಾ ಕಾಯುತ್ತೆ. ಅಂಥದಕ್ಕೆ 115 ಬದಲು 100 ವೋಲ್ಟ್ ಕೊಟ್ಟರೆ ಕಾಯೋದು ನಿಲ್ಲುತ್ತೆ, ವೇಗ ಮಾತ್ರ ಮರಳಿ ಬರೋದಿಲ್ಲ. ಮೈಕ್ರೋವೇವ್ ಓವನ್‌ನ ಒಳಗಿನ ದೊಡ್ಡ ಟ್ರಾನ್ಸ್‌ಫಾರ್ಮರಿಗೂ ಇದೇ ರೋಗ. ಯಾರಾದರೂ ಅಮೆರಿಕಾದಿಂದ ಅದನ್ನು ತರ್ತೀನಿ ಅಂದರೆ ಅಲ್ಲೇ ಬಿಟ್ಟು ಬಾ ಅನ್ನಿ.

ಪ್ಲಗ್ ಕತ್ತರಿಸಬೇಡಿ ಅಂದೆನಲ್ಲ, ಅದಕ್ಕೆ ಎರಡು ಕಾರಣ. ಅಮೆರಿಕಾದ ಮೂರು ತಂತಿಯ ವೈರಿನಲ್ಲಿ ಕಪ್ಪು ತಂತಿ ಫೇಸ್, ಬಿಳಿ ನ್ಯೂಟ್ರಲ್, ಹಸಿರು ಅರ್ಥ್. ನಮ್ಮ ಮನೆ ವೈರಿಂಗಿನಲ್ಲಿ ಕಪ್ಪು ಅಂದರೆ ನ್ಯೂಟ್ರಲ್. ಕೈಗೆ ರೂಢಿಯಾದ ಎಲೆಕ್ಟ್ರಿಷಿಯನ್ ಕಪ್ಪನ್ನು ನ್ಯೂಟ್ರಲ್‌ಗೇ ಕಟ್ಟುತ್ತಾನೆ. ಸಾಮಾನು ನಡೆಯುತ್ತೆ, ಯಾರಿಗೂ ಗೊತ್ತಾಗೋದಿಲ್ಲ. ಆದರೆ ಅದರ ಸ್ವಿಚ್ ಆರಿಸಿದ ಮೇಲೂ ಒಳಗೆಲ್ಲ ಫೇಸ್ ನಿಂತಿರುತ್ತೆ. ಎರಡನೆಯ ಕಾರಣ ಇನ್ನೂ ಸಾದಾ. ನಮ್ಮ ಪ್ಲಗ್ ಹಾಕಿಬಿಟ್ಟರೆ ಒಂದು ದಿನ ನೀವು ಊರಿಗೆ ಹೋದಾಗ ಮನೆಯಲ್ಲಿ ಯಾರೋ ಅದನ್ನು ಸೀದಾ ಗೋಡೆಗೆ ಹಚ್ಚುತ್ತಾರೆ. ಅಮೆರಿಕಾದ ಪ್ಲಗ್ ಹಾಗೇ ಇದ್ದರೆ ಅದು ಟ್ರಾನ್ಸ್‌ಫಾರ್ಮರಿಗೆ ಮಾತ್ರ ಹೋಗುತ್ತೆ. ಪೂರ್ತಿ ನೆಮ್ಮದಿ ಇದರಲ್ಲೂ ಇಲ್ಲ. ಈಗಿನ ಎಕ್ಸ್‌ಟೆನ್ಶನ್ ಬೋರ್ಡುಗಳ ‘ಯುನಿವರ್ಸಲ್’ ತೂತಿಗೆ ಚಪ್ಪಟೆ ಪಿನ್ನೂ ಸರಾಗ ಹೋಗುತ್ತೆ. ಅದಕ್ಕೇ ಪ್ಲಗ್ಗಿಗೆ ಕೆಂಪು ಟೇಪ್ ಸುತ್ತಿ, ಮೇಲೆ ಪೆನ್ನಿನಲ್ಲಿ ‘110 ಮಾತ್ರ’ ಅಂತ ಬರೆಯಿರಿ.

ಇದನ್ನು ಹೇಳುವ ಹಕ್ಕು ನನಗೆ ಒಂದು ಮಿಕ್ಸಿ ಸುಟ್ಟೇ ಬಂದದ್ದು. ಅಂಗಡಿ ಇಟ್ಟ ಹೊಸದರಲ್ಲಿ ಪರಿಚಯದವರೊಬ್ಬರು ಸೌದಿಯಿಂದ ಮಿಕ್ಸಿ ತಂದಿದ್ದರು. ಪಿನ್ ಬೇರೆ ಇದೆ, ಬದಲಿಸಿ ಕೊಡು ಅಂದರು. ದುಬೈ ಕಡೆಯಿಂದ ಬಂದದ್ದೆಲ್ಲ 220ರಿಂದ 240 ವೋಲ್ಟ್, 50 ಹರ್ಟ್ಜ್; ಅಲ್ಲಿ ಪಿನ್ನಿನ ಆಕಾರವಷ್ಟೇ ಬೇರೆ. ಇದೂ ಗಲ್ಫಿನದೇ ಅಲ್ವಾ ಅಂತ ಸ್ಟಿಕ್ಕರ್ ನೋಡದೆ ಪ್ಲಗ್ ಹಾಕಿ ಕೊಟ್ಟೆ. ಆಗ ಸೌದಿಯ ಮನೆಗಳಲ್ಲಿ 127 ವೋಲ್ಟ್, 60 ಹರ್ಟ್ಜ್ ಇತ್ತು. ಮಿಕ್ಸಿ ವಿಮಾನದ ಹಾಗೆ ಕೂಗಿ ಎರಡು ನಿಮಿಷದಲ್ಲಿ ಹೊಗೆ ಬಿಟ್ಟಿತು. ವೈಂಡಿಂಗ್ ನಾನೇ ಬಿಟ್ಟಿ ಮಾಡಿಕೊಟ್ಟೆ. ಮನೆಯಲ್ಲಿ ಹೆಂಡತಿ ‘ಓದಾಕ್ ಬರ್ತದಲ್ಲ ನಿಮಗ, ಮ್ಯಾಲಿಂದು ಓದಬೇಕಿತ್ತು’ ಅಂದಳು. ಅಂದಿನಿಂದ ಸಾಮಾನು ಯಾವ ದೇಶದ್ದು ಅಂತ ಕೇಳೋದು ಬಿಟ್ಟು ತಳ ಮೇಲೆ ಮಾಡಿ ಸ್ಟಿಕ್ಕರ್ ಓದುತ್ತೇನೆ. ‘100–240 ವೋಲ್ಟ್, 50/60 ಹರ್ಟ್ಜ್’ ಅಂತಿದ್ದರೆ, ಲ್ಯಾಪ್‌ಟಾಪ್ ಮತ್ತು ಮೊಬೈಲ್ ಚಾರ್ಜರುಗಳಲ್ಲಿ ಹಾಗೇ ಇರುತ್ತೆ, ಬರೀ ಪಿನ್ ಬದಲಿಸುವ ಅಡಾಪ್ಟರ್ ಸಾಕು. ‘120’ ಅಂತ ಒಂದೇ ಅಂಕಿ ಇದ್ದರೆ ಸಾಕಾಗೋದಿಲ್ಲ.

ಎರಡಕ್ಕೂ ಟ್ರಾನ್ಸ್‌ಫಾರ್ಮರ್ ಕೊಳ್ಳಬೇಕಾ? ನನ್ನ ಮನೆಯಾಗಿದ್ದರೆ ಮಿಕ್ಸರಿಗೆ ಮಾತ್ರ 750ರದ್ದು ಕೊಳ್ಳುತ್ತಿದ್ದೆ. ಅಂಥ ಮಿಕ್ಸರ್ ಇಲ್ಲಿ ದುಬಾರಿ, ದಿನವೂ ಬೇಕಾಗೋದಿಲ್ಲ, ಶೇಂಗಾ ಹೋಳಿಗೆಯ ಕಣಕ ನಾದಲು ಹಬ್ಬಕ್ಕೆ ತೆಗೆದರೆ ಆಯಿತು. ಜೋಳದ ರೊಟ್ಟಿ ಹಿಟ್ಟಿಗೆ ಮಾತ್ರ ಅದನ್ನು ನಂಬಬೇಡಿ, ಅಲ್ಲಿ ಕೈಯೇ ಬೇಕು. ಕುಕ್ಕರಿಗೆ 1500ರದ್ದು ಕೊಂಡರೆ ಅದರ ದುಡ್ಡಿನ ಆಸುಪಾಸಿಗೆ ಇಲ್ಲಿಯದೇ 230ರ ಎಲೆಕ್ಟ್ರಿಕ್ ಕುಕ್ಕರ್ ಬರುತ್ತೆ, ಅದಕ್ಕೆ ವಾರಂಟಿಯೂ ಇರುತ್ತೆ. ಅಷ್ಟು ತೂಕದ ಕಬ್ಬಿಣವನ್ನು ಅಡುಗೆ ಕಟ್ಟೆಯ ಮೇಲೆ ಎಲ್ಲಿ ಇಡ್ತೀರಿ? ರಿಪೇರಿ ಮಾಡಿಸಿ, ಮಗ ವಾಪಸ್ ಹೋಗುವಾಗ ಕೈಗೆ ಕೊಟ್ಟು ಕಳಿಸಿ.

ಕೊನೆಗೆ ವಾರಂಟಿ. ಇಂಡಿಯಾ ಸರ್ವಿಸ್‌ನವರು ಇಲ್ಲ ಅಂದದ್ದು ಒರಟುತನ ಅನ್ನಿಸಬಹುದು, ಆದರೆ ತಪ್ಪಲ್ಲ. ಅಡುಗೆಮನೆ ಸಾಮಾನಿನ ವಾರಂಟಿ ಹೆಚ್ಚಾಗಿ ಮಾರಿದ ದೇಶಕ್ಕಷ್ಟೇ ಇರುತ್ತೆ. ಹೆಸರು ಒಂದೇ ಇದ್ದರೂ ಇಲ್ಲಿ ಮಾರುವ ಮಾದರಿಯ ಹೀಟರ್, ಬೋರ್ಡು ಎರಡೂ ಬೇರೆ, ಅವರ ಬಳಿ ನಿಮ್ಮದರ ಬಿಡಿಭಾಗವೇ ಇರೋದಿಲ್ಲ. ಅಮೆರಿಕಾದ ಕಂಪನಿಗೆ ಮಗ ಬರೆದರೂ ಬೇರೆ ವೋಲ್ಟಿಗೆ ಹಚ್ಚಿ ಕೆಟ್ಟದ್ದನ್ನು ವಾರಂಟಿಯಿಂದ ಹೊರಗಿಟ್ಟಿರುತ್ತಾರೆ. ಆ ದಾರಿಯಲ್ಲಿ ಅಲೆದು ಸುಸ್ತಾಗಬೇಡಿ.

ನಿಮಗೆ ಹಕ್ಕಿರೋದು ಕನ್ವರ್ಟರ್ ಮೇಲೆ. ಅದನ್ನು ನೀವು ಕೊಂಡದ್ದು ಇಲ್ಲಿ, ರೂಪಾಯಿ ಕೊಟ್ಟು, ‘ಎಲ್ಲ ಉಪಕರಣಗಳಿಗೂ’ ಅನ್ನುವ ಮಾತು ನಂಬಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಒಂದು ವಸ್ತುವಿನ ದೋಷದಿಂದ ಅಥವಾ ಸರಿಯಾದ ಎಚ್ಚರಿಕೆ ಬರೆಯದ್ದರಿಂದ ನಿಮ್ಮ ಇನ್ನೊಂದು ವಸ್ತು ಹಾಳಾದರೆ ಆ ನಷ್ಟವನ್ನೂ ಕೇಳಬಹುದು. ಅಂದರೆ ಕನ್ವರ್ಟರಿನ ದುಡ್ಡಷ್ಟೇ ಅಲ್ಲ, ಕುಕ್ಕರಿನ ರಿಪೇರಿ ಖರ್ಚೂ ಲೆಕ್ಕಕ್ಕೆ ಬರುತ್ತೆ. ಅದನ್ನು ಆಮದು ಮಾಡಿದ್ದಾದರೆ ತಂದವರ ಹೆಸರು, ವಿಳಾಸ ಡಬ್ಬಿಯ ಮೇಲೆ ಇರಲೇಬೇಕು. ಇಲ್ಲದಿದ್ದರೆ ಅದೂ ನಿಮ್ಮ ದೂರಿಗೆ ಬಲ.

ಮೊದಲು ಮಾರಾಟಗಾರರಿಗೂ ಆ ಶಾಪಿಂಗ್ ಆ್ಯಪ್‌ನವರಿಗೂ ಬರಹದಲ್ಲಿ ದೂರು ಕೊಡಿ. ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಸಣ್ಣ ಮೊತ್ತದ ಎಷ್ಟೋ ಜಗಳ ಅಲ್ಲೇ ಬಗೆಹರಿಯುತ್ತೆ. ಅಲ್ಲಿಗೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮಾರಿದವರು ದಿಲ್ಲಿಯಲ್ಲಿರಲಿ, ಸೂರತ್‌ನಲ್ಲಿರಲಿ, ನೀವು ವಾಸವಿರುವ ಬಾಗಲಕೋಟೆಯಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಘಟನೆ ನಡೆದ 2 ವರ್ಷದೊಳಗೆ ಹಾಕಬೇಕು.

ಅದಕ್ಕೆ ಬೇಕಾದ ಪುರಾವೆ ಈಗಲೇ ಕೂಡಿಡಿ. ಮಾರಾಟದ ಪುಟದಲ್ಲಿ ‘ಎಲ್ಲ ಉಪಕರಣಗಳಿಗೂ’ ಅಂತ ಇರುವ ಸಾಲಿನ ಸ್ಕ್ರೀನ್‌ಶಾಟ್ ಇವತ್ತೇ ತೆಗೆಯಿರಿ, ದೂರು ಹೋದ ಮೇಲೆ ಆ ಸಾಲು ಅಲ್ಲಿ ಉಳಿಯೋದಿಲ್ಲ. ಮೆಕ್ಯಾನಿಕ್ ಕುಕ್ಕರ್ ಬಿಚ್ಚಿದಾಗ ಒಡೆದ ಬಿಲ್ಲೆಯ ಫೋಟೋ ತೆಗೆದು, ಆ ಬಿಲ್ಲೆಯನ್ನೂ ಒಂದು ಪೊಟ್ಟಣದಲ್ಲಿ ಕಟ್ಟಿಸಿಕೊಳ್ಳಿ. ರಿಪೇರಿ ಬಿಲ್ಲಿನಲ್ಲಿ ಅವರ ಕೈಯಿಂದಲೇ ‘ಹೆಚ್ಚು ವೋಲ್ಟ್ ಬಂದು ವೆರಿಸ್ಟರ್ ಹೋಗಿದೆ’ ಅಂತ ಬರೆಸಿ, ತಾರೀಖು ಹಾಕಿಸಿ.